ಎಲ್‌ಎಲ್‌ಪಿ ಮಾಡ್ಬೇಕಾ, ಪಾರ್ಟ್ನರ್‌ಶಿಪ್ ಸಾಕಾ? ಒಂದೇ ವ್ಯಾಪಾರದ ಲೆಕ್ಕ ಎರಡು ಸಲ ಬರೆದು ನೋಡೋಣ

ನಾನು ಹದಿನೈದು ವರ್ಷದಿಂದ ಸಣ್ಣ ವ್ಯಾಪಾರಿಗಳ ಲೆಕ್ಕ ಬರೆಯುತ್ತಿದ್ದೇನೆ. ಜನ ಬಂದು ಕೂತ ಕೂಡಲೇ ಕೇಳುವ ಪ್ರಶ್ನೆ ಒಂದೇ: "ಎಲ್‌ಎಲ್‌ಪಿ ಮಾಡಿದ್ರೆ ಟ್ಯಾಕ್ಸ್ ಕಡಿಮೆ ಆಗುತ್ತಂತೆ, ಹೌದಾ?" ಇಲ್ಲ. ಒಂದು ರೂಪಾಯಿಯೂ ಕಡಿಮೆ ಆಗುವುದಿಲ್ಲ. ಆದಾಯ ತೆರಿಗೆ ಕಾನೂನಿನ ಕಣ್ಣಿಗೆ 1932ರ ಕಾಯಿದೆಯ ಮಾಮೂಲಿ ಪಾರ್ಟ್ನರ್‌ಶಿಪ್ ಕೂಡ "ಫರ್ಮ್", 2008ರ ಕಾಯಿದೆಯ ಎಲ್‌ಎಲ್‌ಪಿ, ಅಂದರೆ ಪಾಲುದಾರರ ಹೊಣೆಗೆ ಮಿತಿ ಇರುವ ಪಾರ್ಟ್ನರ್‌ಶಿಪ್, ಅದೂ "ಫರ್ಮ್". ಎರಡಕ್ಕೂ ಒಂದೇ ದರ, ಒಂದೇ ಐಟಿಆರ್-5 ರಿಟರ್ನ್ ಫಾರ್ಮು. ವ್ಯತ್ಯಾಸ ಇರುವುದು ಬೇರೆ ಕಡೆ, ಮತ್ತು ಅದು ಗೊತ್ತಾಗುವುದು ಲೆಕ್ಕ ಕೈಯಾರೆ ಬರೆದು ನೋಡಿದಾಗಲೇ.

ಅದಕ್ಕೆ ಒಂದು ಉದಾಹರಣೆ ಹಿಡಿದುಕೊಳ್ಳೋಣ. ಬ್ಯಾಡಗಿಯಲ್ಲಿ ಅಣ್ಣ ತಮ್ಮ ಸೇರಿ ಖಾರದ ಪುಡಿ ಮಾಡಿ ಪ್ಯಾಕೆಟ್ ಹಾಕಿ ಮಾರುತ್ತಾರೆ ಅಂತಿಟ್ಟುಕೊಳ್ಳಿ. ಅಣ್ಣ 10 ಲಕ್ಷ ಹಾಕಿದ್ದಾನೆ, ತಮ್ಮ 5 ಲಕ್ಷ. ಲಾಭ ಸಮಪಾಲು. ಇಬ್ಬರೂ ಗಿರಣಿಯಲ್ಲೇ ದಿನವಿಡೀ ದುಡಿಯುತ್ತಾರೆ. 2025-26ರಲ್ಲಿ ವಹಿವಾಟು 90 ಲಕ್ಷ, ಹಣವೆಲ್ಲ ಬ್ಯಾಂಕಿಗೋ ಯುಪಿಐಗೋ ಬಂದದ್ದು. ಮೆಣಸಿನಕಾಯಿ, ಕೂಲಿ, ಕರೆಂಟು, ಸವಕಳಿ ಎಲ್ಲ ಕಳೆದ ಮೇಲೆ ಉಳಿದದ್ದು 12 ಲಕ್ಷ. ಇನ್ನೂ ಪಾಲುದಾರರಿಗೆ ಬಡ್ಡಿ, ಸಂಬಳ ಏನೂ ಕೊಟ್ಟಿಲ್ಲ.

ಈ ಲೇಖನದ ಕಲಂ ನಂಬರುಗಳು 1961ರ ಕಾಯಿದೆಯವು, 2025-26ರ ಲೆಕ್ಕಕ್ಕೆ ಅವೇ ಅನ್ವಯ. 2026ರ ಏಪ್ರಿಲ್ 1ರಿಂದ ಆದಾಯ ತೆರಿಗೆಯ ಹೊಸ ಕಾಯಿದೆ ಬರುವುದರಿಂದ ಮುಂದಿನ ವರ್ಷಗಳಿಗೆ ನಂಬರುಗಳು ಬದಲಾಗುತ್ತವೆ.

ಮೊದಲು ಡೀಡ್ ತೆಗೆದು ಓದಿ

ಲೆಕ್ಕದ ಪುಸ್ತಕಕ್ಕಿಂತ ಮೊದಲು ನೋಡಬೇಕಾದ್ದು ಡೀಡ್, ಅಂದರೆ ಪಾಲುದಾರರು ಬರೆದುಕೊಂಡ ಕರಾರುಪತ್ರ. ಎಲ್‌ಎಲ್‌ಪಿ ಆದರೆ ಅಗ್ರಿಮೆಂಟು. ಹೆಚ್ಚಿನ ದುಡ್ಡು ಉಳಿಯುವುದೋ ಹೋಗುವುದೋ ಇಲ್ಲೇ, ಆದರೆ ಯಾರೂ ಓದುವುದಿಲ್ಲ. ಬ್ಯಾಂಕ್ ಖಾತೆ ತೆರೆಯಲು ಬೇಕು ಅಂತ ಸ್ಟಾಂಪ್ ಪೇಪರ್ ಅಂಗಡಿಯ ಪಕ್ಕದವರ ಹತ್ತಿರ ಹಳೇ ನಮೂನೆಯಲ್ಲಿ ಹೆಸರು ಬದಲಿಸಿ ಟೈಪ್ ಮಾಡಿಸಿರುತ್ತಾರೆ.

ಪಾಲುದಾರರಿಗೆ ಕೊಡುವ ಬಡ್ಡಿ ಮತ್ತು ಸಂಬಳವನ್ನು ಫರ್ಮು ಖರ್ಚು ಅಂತ ತೋರಿಸಬೇಕಾದರೆ 40(ಬಿ) ಕಲಂ ಪ್ರಕಾರ ಅದು ಡೀಡ್‌ನಲ್ಲಿ ಬರೆದಿರಬೇಕು. ಬರೆದಿಲ್ಲದಿದ್ದರೆ ಸಂಬಳವೇ ಇಲ್ಲ. 1932ರ ಕಾಯಿದೆಯಲ್ಲೂ, ಎಲ್‌ಎಲ್‌ಪಿ ಕಾಯಿದೆಯ ಮೊದಲ ಷೆಡ್ಯೂಲ್‌ನಲ್ಲೂ ಮೂಲ ನಿಯಮ ಒಂದೇ: ಒಪ್ಪಂದ ಇಲ್ಲದಿದ್ದರೆ ಪಾಲುದಾರನಿಗೆ ದುಡಿಮೆಗೆ ಸಂಬಳ ಇಲ್ಲ, ಲಾಭ ಸಮಪಾಲು.

ಬರೆದರಷ್ಟೇ ಸಾಲದು, ಹೇಗೆ ಬರೆದಿದ್ದೀರಿ ಅನ್ನುವುದೂ ಮುಖ್ಯ. "ಸಂಬಳವನ್ನು ಪಾಲುದಾರರು ಆಗಾಗ ಪರಸ್ಪರ ಮಾತಾಡಿ ತೀರ್ಮಾನಿಸುವರು" ಅಂತ ಒಂದು ಸಾಲು ಎಷ್ಟೋ ಡೀಡ್‌ಗಳಲ್ಲಿ ಇರುತ್ತೆ. ಅದು ನಡೆಯುವುದಿಲ್ಲ. ತೆರಿಗೆ ಮಂಡಳಿ 1996ರಲ್ಲೇ 739ನೇ ಸುತ್ತೋಲೆಯಲ್ಲಿ ಹೇಳಿದೆ, ಒಂದೋ ಪ್ರತಿಯೊಬ್ಬನಿಗೂ ಇಂತಿಷ್ಟು ಅಂತ ಮೊತ್ತ ಇರಬೇಕು, ಇಲ್ಲವೇ ಲೆಕ್ಕ ಹಾಕುವ ವಿಧಾನ ಇರಬೇಕು. ನಾನು ಕೆಲಸ ಕಲಿಯುತ್ತಿದ್ದ ಹೊಸತರಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಕೇಸಿನಲ್ಲಿ ಇದೇ ಸಾಲು ನಮಗೆ ಕೈಕೊಟ್ಟಿತು. ಮೂರು ವರ್ಷ ಸಂಬಳ ಖರ್ಚು ಹಾಕಿದ್ದೆವು, ಸ್ಕ್ರೂಟಿನಿಯಲ್ಲಿ ಒಂದು ವರ್ಷದ್ದನ್ನು ಪೂರ್ತಿ ಹೊಡೆದು ಹಾಕಿದರು. ಯಜಮಾನರು "ಸಂಬಳ ತಗೊಂಡಿದ್ದು ನಿಜ ಅಲ್ವಾ ಸ್ವಾಮಿ" ಅಂತ ಕೇಳಿದರು. ನಿಜವೇ, ಆದರೆ ಡೀಡ್‌ನಲ್ಲಿ ಇರಲಿಲ್ಲ.

ಹಾಗಾಗಿ ನಾನು ಈಗ ಬರೆಸುವ ಸಾಲು ಹೀಗಿರುತ್ತೆ: ಬಂಡವಾಳದ ಮೇಲೆ ವರ್ಷಕ್ಕೆ ಶೇಕಡ 12 ಸರಳ ಬಡ್ಡಿ. ದುಡಿಯುವ ಪಾಲುದಾರರು ಇಂಥಿಂಥವರು, ಅವರಿಗೆ 40(ಬಿ) ಕಲಂ ಅನುಮತಿಸುವ ಗರಿಷ್ಠ ಮೊತ್ತ, ಇಬ್ಬರಿಗೂ ಸಮನಾಗಿ. 12ಕ್ಕಿಂತ ಜಾಸ್ತಿ ಬಡ್ಡಿ ಬರೆದರೆ ಜಾಸ್ತಿಯಾದ ಭಾಗ ಖರ್ಚು ಅಂತ ಸಿಗುವುದಿಲ್ಲ. ದುಡಿಯದೆ ಬರೀ ಹಣ ಹಾಕಿ ಕೂತ ಪಾಲುದಾರನಿಗೆ ಬಡ್ಡಿ ಕೊಡಬಹುದು, ಸಂಬಳ ಕೊಟ್ಟರೆ ಖರ್ಚಿಗೆ ಬರುವುದಿಲ್ಲ. ಮಾರ್ಚ್‌ನಲ್ಲಿ ಡೀಡ್ ತಿದ್ದಿ ಹಿಂದಿನ ಏಪ್ರಿಲ್‌ನಿಂದ ಸಂಬಳ ಅಂತ ಬರೆಸುವುದೂ ಉಪಯೋಗವಿಲ್ಲ. ಡೀಡ್ ತಾರೀಖಿನ ಹಿಂದಿನ ಅವಧಿಗೆ ಸಿಗುವುದಿಲ್ಲ.

ಎಲ್‌ಎಲ್‌ಪಿಯಲ್ಲಿ ಇನ್ನೊಂದು ಕೆಲಸ ಜಾಸ್ತಿ. ಅಗ್ರಿಮೆಂಟ್ ತಿದ್ದಿದರೆ 30 ದಿನದೊಳಗೆ ಫಾರ್ಮ್ 3ರಲ್ಲಿ ಕಂಪನಿ ರಿಜಿಸ್ಟ್ರಾರ್‌ಗೆ ತಿಳಿಸಬೇಕು. ಮಾಮೂಲಿ ಫರ್ಮಿನಲ್ಲಿ ಸಂಬಳದ ಸಾಲು ಬದಲಿಸಿದರೆ ಸಪ್ಲಿಮೆಂಟರಿ ಡೀಡ್ ಮಾಡಿ ಫೈಲಿಗೆ ಹಾಕಿಟ್ಟುಕೊಂಡರೆ ಮುಗಿಯಿತು.

ಈಗ ಲೆಕ್ಕ

ಮೊದಲು ಬಡ್ಡಿ. ಅಣ್ಣನ 10 ಲಕ್ಷಕ್ಕೆ 1,20,000, ತಮ್ಮನ 5 ಲಕ್ಷಕ್ಕೆ 60,000, ಒಟ್ಟು 1,80,000. ಇದನ್ನು 12 ಲಕ್ಷದಲ್ಲಿ ಕಳೆದರೆ 10,20,000. ಇದೇ ಬುಕ್ ಪ್ರಾಫಿಟ್. ಬಡ್ಡಿ ಕಳೆದ ಮೇಲೆ, ಸಂಬಳ ಕಳೆಯುವ ಮೊದಲು ಬರುವ ಅಂಕಿ ಇದು. ಹೊಸಬರು ಬಡ್ಡಿ ಕಳೆಯದೆಯೇ ಸಂಬಳದ ಮಿತಿ ಲೆಕ್ಕ ಹಾಕಿ ಜಾಸ್ತಿ ತೋರಿಸಿಬಿಡುತ್ತಾರೆ, ಆಡಿಟರು ಕೆಂಪು ಪೆನ್ನಿನಲ್ಲಿ ಗೆರೆ ಎಳೆಯುವ ಜಾಗ ಇದೇ.

ಸಂಬಳದ ಮಿತಿ 2024-25ರಿಂದ ಬದಲಾಗಿದೆ. ಬುಕ್ ಪ್ರಾಫಿಟ್‌ನ ಮೊದಲ 6 ಲಕ್ಷಕ್ಕೆ ಶೇಕಡ 90 ಅಥವಾ 3 ಲಕ್ಷ, ಎರಡರಲ್ಲಿ ಯಾವುದು ಜಾಸ್ತಿಯೋ ಅದು. ಉಳಿದದ್ದಕ್ಕೆ ಶೇಕಡ 60. ನಷ್ಟ ಆದರೂ 3 ಲಕ್ಷದವರೆಗೆ ಸಂಬಳ ಹಾಕಬಹುದು. ಇದು ಒಬ್ಬೊಬ್ಬರಿಗೆ ಅಲ್ಲ, ಎಲ್ಲ ಪಾಲುದಾರರಿಗೂ ಸೇರಿ. ಹಳೇ ಡೀಡ್‌ನಲ್ಲಿ ಹಳೇ ಅಂಕಿಗಳನ್ನೇ (ಮೊದಲ 3 ಲಕ್ಷಕ್ಕೆ ಶೇಕಡ 90, ಕನಿಷ್ಠ 1.5 ಲಕ್ಷ) ಟೈಪ್ ಮಾಡಿಸಿದ್ದರೆ ಹೊಸ ಮಿತಿಯ ಲಾಭ ಸಿಗುವುದಿಲ್ಲ, ಡೀಡ್ ತಿದ್ದಬೇಕು.

ನಮ್ಮ ಖಾರದ ಪುಡಿಯ ಲೆಕ್ಕ ಹೀಗೆ ನಿಲ್ಲುತ್ತದೆ:

```
ಬಡ್ಡಿ, ಸಂಬಳಕ್ಕೆ ಮುಂಚಿನ ಲಾಭ        12,00,000
ಕಳೆ: ಬಡ್ಡಿ                      1,80,000
ಬುಕ್ ಪ್ರಾಫಿಟ್                  10,20,000
ಕಳೆ: ಸಂಬಳ
  6,00,000 x 90% = 5,40,000
  4,20,000 x 60% = 2,52,000     7,92,000
ತೆರಿಗೆಗೆ ಬರುವ ಆದಾಯ              2,28,000
ತೆರಿಗೆ 30%                       68,400
ಸೆಸ್ 4%                           2,736
ಒಟ್ಟು                            71,136
```

ಫರ್ಮ್ ಆದರೂ 71,136, ಎಲ್‌ಎಲ್‌ಪಿ ಆದರೂ 71,136. ಫರ್ಮಿಗೆ ಸ್ಲ್ಯಾಬ್ ಅನ್ನುವುದಿಲ್ಲ, ಮೊದಲ ರೂಪಾಯಿಯಿಂದಲೇ 30. ಆದಾಯ 1 ಕೋಟಿ ದಾಟಿದರೆ ತೆರಿಗೆಯ ಮೇಲೆ ಶೇಕಡ 12 ಸರ್‌ಚಾರ್ಜ್ ಬರುತ್ತೆ, ಅದೂ ಎರಡಕ್ಕೂ ಒಂದೇ.

ಇನ್ನು ಪಾಲುದಾರರ ಕೈಯಲ್ಲಿ ನೋಡಿ. ಅಣ್ಣನಿಗೆ ಸಂಬಳ 3,96,000, ಬಡ್ಡಿ 1,20,000, ಒಟ್ಟು 5,16,000. ತಮ್ಮನಿಗೆ 4,56,000. ಇದು ಅವರ ರಿಟರ್ನ್‌ನಲ್ಲಿ ವ್ಯಾಪಾರದ ಆದಾಯ, ಸಂಬಳದ ಆದಾಯ ಅಲ್ಲ. ಹೆಸರು ಸಂಬಳ ಅಂತಿದ್ದರೂ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುವುದಿಲ್ಲ, ಇದನ್ನು ತುಂಬ ಜನ ತಪ್ಪು ಮಾಡುತ್ತಾರೆ. ಇಬ್ಬರಿಗೂ ಬೇರೆ ಆದಾಯ ಇಲ್ಲ ಅಂದುಕೊಂಡರೆ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಬೇಟ್ ಇರುವುದರಿಂದ ತೆರಿಗೆ ಸೊನ್ನೆ. ಫರ್ಮಿನಲ್ಲಿ ತೆರಿಗೆ ಕಟ್ಟಿ ಉಳಿದ 1,56,864 ರೂಪಾಯಿ ಇಬ್ಬರಿಗೂ 78,432ರಂತೆ ಹಂಚಿಹೋಗುತ್ತದೆ, ಅದಕ್ಕೆ 10(2ಎ) ಪ್ರಕಾರ ಅವರ ಕೈಯಲ್ಲಿ ಮತ್ತೆ ತೆರಿಗೆ ಇಲ್ಲ.

ಈಗ ಡೀಡ್‌ನಲ್ಲಿ ಬಡ್ಡಿ, ಸಂಬಳದ ಸಾಲು ಇರಲಿಲ್ಲ ಅಂತ ನೋಡಿ. ಪೂರ್ತಿ 12 ಲಕ್ಷಕ್ಕೆ ಸೆಸ್ ಸೇರಿ ಶೇಕಡ 31.2. ಅಂದರೆ 3,74,400. ಎರಡು ಸಾಲಿಗೆ 3,03,264 ರೂಪಾಯಿ. ಎಲ್‌ಎಲ್‌ಪಿನಾ ಫರ್ಮಾ ಅನ್ನುವ ಪ್ರಶ್ನೆಗಿಂತ ಈ ಎರಡು ಸಾಲು ದೊಡ್ಡದು.

44ಎಡಿ ಅನ್ನುವ ಶಾರ್ಟ್‌ಕಟ್

ಇಲ್ಲಿ ಮೊದಲ ನಿಜವಾದ ವ್ಯತ್ಯಾಸ ಬರುತ್ತದೆ. ಅಂದಾಜು ಲಾಭ ತೋರಿಸಿ ತೆರಿಗೆ ಕಟ್ಟುವ 44ಎಡಿ ಮಾಮೂಲಿ ಫರ್ಮಿಗೆ ಸಿಗುತ್ತದೆ, ಎಲ್‌ಎಲ್‌ಪಿಗೆ ಸಿಗುವುದಿಲ್ಲ. ಡಾಕ್ಟರು, ಇಂಜಿನಿಯರು, ವಕೀಲರಿಗಿರುವ 44ಎಡಿಎ ಕೂಡ ಹಾಗೇ. 44ಎಡಿಗೆ ವಹಿವಾಟಿನ ಮಿತಿ 2 ಕೋಟಿ, ನಗದು ಶೇಕಡ 5ಕ್ಕಿಂತ ಜಾಸ್ತಿ ಇಲ್ಲದಿದ್ದರೆ 3 ಕೋಟಿ. ಬ್ಯಾಂಕಿನ ಮೂಲಕ ಬಂದದ್ದಕ್ಕೆ ಕನಿಷ್ಠ ಶೇಕಡ 6, ನಗದಿಗೆ ಶೇಕಡ 8 ಲಾಭ ತೋರಿಸಬೇಕು.

"ಹಾಗಾದ್ರೆ ಫರ್ಮೇ ಲಾಭ ಬಿಡಿ" ಅನ್ನಬೇಡಿ, ಲೆಕ್ಕ ಹಾಕಿ. 90 ಲಕ್ಷದ ಶೇಕಡ 6 ಅಂದರೆ 5,40,000. ಅದಕ್ಕೆ 31.2ರಂತೆ 1,68,480. ಯಾಕೆಂದರೆ 44ಎಡಿಯಲ್ಲಿ ಬಂದ ಲಾಭದಿಂದ ಪಾಲುದಾರರ ಬಡ್ಡಿ, ಸಂಬಳ ಕಳೆಯಲು ಬಿಡುವುದಿಲ್ಲ. ಮೊದಲು ಬಿಡುತ್ತಿದ್ದರು, ಆ ಸೌಲಭ್ಯ ತೆಗೆದು ಹತ್ತು ವರ್ಷವಾಯಿತು. ಪುಸ್ತಕ ಬರೆದು ಕಟ್ಟಿದ 71,136ಕ್ಕೆ ಹೋಲಿಸಿದರೆ 97,344 ಜಾಸ್ತಿ! ನಿಜವಾದ ಲಾಭ 12 ಲಕ್ಷ ಇದ್ದರೂ ಇಷ್ಟು. ಅದು ಸಾಲದು ಅಂತ, ಒಮ್ಮೆ 44ಎಡಿಗೆ ಹೋಗಿ ಮುಂದಿನ ಐದು ವರ್ಷದೊಳಗೆ ಬಿಟ್ಟು ಹೊರಬಂದರೆ, ಆಮೇಲೆ ಐದು ವರ್ಷ ಆ ಬಾಗಿಲು ಮುಚ್ಚುತ್ತದೆ, ಪುಸ್ತಕ ಮತ್ತು ಆಡಿಟ್ ಎರಡೂ ತಲೆಗೆ ಬರುತ್ತವೆ.

44ಎಡಿ ಲಾಭ ಇರುವುದು ಒಂಟಿ ಮಾಲೀಕನಿಗೆ, ಏಕೆಂದರೆ ಅವನಿಗೆ ಸ್ಲ್ಯಾಬ್ ಇದೆ. ಇಬ್ಬರು ದುಡಿಯುವ ಫರ್ಮಿಗೆ ಅದು ಬರೀ ಪುಸ್ತಕ ಬರೆಯುವ ಗೋಳು ತಪ್ಪಿಸುತ್ತದೆ. ಒಬ್ಬೊಬ್ಬರ ತೆರಿಗೆ ಸೊನ್ನೆಯಾಗುವಷ್ಟು ಸಂಬಳ ಹಂಚುವ ಅವಕಾಶ ಇರುವಾಗ 44ಎಡಿ ಕೈಬಿಡುವುದೇ ಬಹುತೇಕ ಸಲ ಸರಿ, ಅಂತ ನನ್ನ ಅಭಿಪ್ರಾಯ. ಹಾಗಾಗಿ "ಎಲ್‌ಎಲ್‌ಪಿಗೆ 44ಎಡಿ ಇಲ್ಲ" ಅನ್ನುವುದನ್ನು ಎಷ್ಟು ದೊಡ್ಡದು ಮಾಡಿ ಹೇಳುತ್ತಾರೋ ಅಷ್ಟು ದೊಡ್ಡ ನಷ್ಟ ಅದಲ್ಲ.

194ಟಿ: ತಿಂಗಳ ಎಂಟ್ರಿ ಎಚ್ಚರಿಕೆಯಿಂದ ಹಾಕಿ

2025ರ ಏಪ್ರಿಲ್ 1ರಿಂದ ಹೊಸದಾಗಿ ಬಂದದ್ದು ಇದು. ಪಾಲುದಾರನಿಗೆ ಕೊಡುವ ಸಂಬಳ, ಬಡ್ಡಿ, ಬೋನಸ್, ಕಮಿಷನ್ ಸೇರಿ ವರ್ಷಕ್ಕೆ 20,000 ದಾಟಿದರೆ ಶೇಕಡ 10 ಟಿಡಿಎಸ್ ಹಿಡಿಯಬೇಕು. ಫರ್ಮಿಗೂ ಸೈ, ಎಲ್‌ಎಲ್‌ಪಿಗೂ ಸೈ. ನಮ್ಮ ಅಣ್ಣನಿಗೆ 51,600, ತಮ್ಮನಿಗೆ 45,600 ಹಿಡಿದು ಕಟ್ಟಬೇಕು. ಅವರ ತೆರಿಗೆ ಸೊನ್ನೆ, ಆದ್ದರಿಂದ ರಿಟರ್ನ್ ಹಾಕಿದ ಮೇಲೆ ಅಷ್ಟೂ ರೀಫಂಡ್. ದುಡ್ಡು ಬರುತ್ತೆ, ಆದರೆ ಕೆಲವು ತಿಂಗಳು ಸರ್ಕಾರದ ಹತ್ತಿರ ಕೂತಿರುತ್ತೆ. ಹೊಸ ಮೆಣಸಿನಕಾಯಿ ಖರೀದಿ ಮಾಡುವ ಕಾಲದಲ್ಲಿ ಒಂದು ಲಕ್ಷ ಹತ್ತಿರದ ಹಣ ಸಿಕ್ಕಿಹಾಕಿಕೊಳ್ಳುವುದು ಸಣ್ಣ ವ್ಯಾಪಾರಿಗೆ ಸಣ್ಣದೇನಲ್ಲ. ಟಿಡಿಎಸ್ ಕಟ್ಟಲು ಬೇಕಾದ ಟ್ಯಾನ್ ನಂಬರ್ ಇಲ್ಲದ ಎಷ್ಟೋ ಫರ್ಮುಗಳು ಇದಕ್ಕೆಂದೇ ಟ್ಯಾನ್ ತಗೊಂಡವು.

ಟಿಡಿಎಸ್ ಹಿಡಿಯಬೇಕಾದ್ದು ಹಣ ಕೊಟ್ಟಾಗ ಅಥವಾ ಖಾತೆಗೆ ಜಮಾ ಹಾಕಿದಾಗ, ಯಾವುದು ಮೊದಲೋ ಆಗ. ಕ್ಯಾಪಿಟಲ್ ಖಾತೆಗೆ ಜಮಾ ಹಾಕಿದರೂ ಲೆಕ್ಕಕ್ಕೆ ಬರುತ್ತೆ. ಇಲ್ಲಿ ಟ್ಯಾಲಿಯಲ್ಲಿ ಎಂಟ್ರಿ ಹಾಕುವ ಹುಡುಗರು ಎಡವುತ್ತಾರೆ. ಅಣ್ಣ ಪ್ರತಿ ತಿಂಗಳು ಮನೆ ಖರ್ಚಿಗೆ 25,000 ತಗೊಳ್ಳುತ್ತಾನೆ ಅನ್ನಿ. ಅದನ್ನು "ಸಂಬಳ" ಅಂತ ಬರೆದರೆ ಪ್ರತಿ ತಿಂಗಳೂ ಟಿಡಿಎಸ್, ಮುಂದಿನ ತಿಂಗಳ 7ರೊಳಗೆ ಕಟ್ಟಬೇಕು. ಅವನು ಹಾಕಿದ ಹಣದಿಂದಲೇ ವಾಪಸ್ ತೆಗೆದದ್ದಾದರೆ "ಡ್ರಾಯಿಂಗ್ಸ್" ಅಂತ ಬರೆಯಿರಿ, ಟಿಡಿಎಸ್ ಇಲ್ಲ. ಆಮೇಲೆ ಮಾರ್ಚ್ 31ಕ್ಕೆ ಡೀಡ್ ಪ್ರಕಾರ ಸಂಬಳ, ಬಡ್ಡಿ ಲೆಕ್ಕ ಹಾಕಿ ಜಮಾ ಮಾಡಿದಾಗ ಒಟ್ಟಿಗೆ ಟಿಡಿಎಸ್ ಹಿಡಿದು ಏಪ್ರಿಲ್ 30ರೊಳಗೆ ಕಟ್ಟಿದರಾಯಿತು. ಸುಮ್ನೆ ಹೆಸರು ಬದಲಿಸುವ ಆಟ ಅಲ್ಲ ಇದು, ಆ ಡ್ರಾಯಿಂಗ್ಸ್ ತಡೆಯುವಷ್ಟು ಬಾಕಿ ಖಾತೆಯಲ್ಲಿ ಇರಬೇಕು. ಹಿಡಿಯದೆ ಬಿಟ್ಟರೆ ತಿಂಗಳಿಗೆ ಶೇಕಡ 1 ಬಡ್ಡಿ, ಹಿಡಿದು ಕಟ್ಟದಿದ್ದರೆ ಶೇಕಡ 1.5.

ಲಾಭದ ಪಾಲಾದ 78,432ಕ್ಕೆ ಟಿಡಿಎಸ್ ಇಲ್ಲ. ಅದನ್ನು ಬೇರೆ ಎಂಟ್ರಿಯಲ್ಲೇ ಹಾಕಿ, ಸಂಬಳದ ಜೊತೆ ಕಲಸಬೇಡಿ.

ಎಲ್‌ಎಲ್‌ಪಿಯ ನಿಜವಾದ ಖರ್ಚು: ಪುಸ್ತಕ ಮತ್ತು ತಾರೀಖು

ತೆರಿಗೆ ಒಂದೇ ಆದರೂ ಲೆಕ್ಕದ ಶಿಸ್ತು ಒಂದೇ ಅಲ್ಲ. ಮಾಮೂಲಿ ಫರ್ಮಿನ ಲೆಕ್ಕ ನಿಮ್ಮ ಮತ್ತು ಆದಾಯ ತೆರಿಗೆ ಇಲಾಖೆಯ ನಡುವೆ ಇರುತ್ತೆ. ವಹಿವಾಟು 1 ಕೋಟಿ ದಾಟುವವರೆಗೆ (ಕೊಟ್ಟದ್ದೂ ಪಡೆದದ್ದೂ ನಗದಿನಲ್ಲಿ ಶೇಕಡ 5ರೊಳಗೇ ಇದ್ದರೆ 10 ಕೋಟಿ) ಸಾಮಾನ್ಯವಾಗಿ ಟ್ಯಾಕ್ಸ್ ಆಡಿಟ್ ಇಲ್ಲ. 1932ರ ಕಾಯಿದೆ ಯಾವ ವಾರ್ಷಿಕ ಲೆಕ್ಕವನ್ನೂ ಯಾರಿಗೂ ಸಲ್ಲಿಸು ಅನ್ನುವುದಿಲ್ಲ.

ಎಲ್‌ಎಲ್‌ಪಿಯಲ್ಲಿ ಹಾಗಲ್ಲ. ಡಬಲ್ ಎಂಟ್ರಿ ಪುಸ್ತಕ ಕಡ್ಡಾಯ, ಎಂಟು ವರ್ಷ ಇಟ್ಟುಕೊಳ್ಳಬೇಕು. ವರ್ಷ ಮುಗಿದು 60 ದಿನದೊಳಗೆ, ಅಂದರೆ ಮೇ 30ಕ್ಕೆ, ರಿಜಿಸ್ಟ್ರಾರ್‌ಗೆ ಕೊಡುವ ವಾರ್ಷಿಕ ರಿಟರ್ನ್ ಆದ ಫಾರ್ಮ್ 11. ಅಕ್ಟೋಬರ್ 30ಕ್ಕೆ ಫಾರ್ಮ್ 8, ಇದರಲ್ಲಿ ಬ್ಯಾಲೆನ್ಸ್ ಶೀಟು, ಲಾಭನಷ್ಟ, ಮತ್ತು "ಸಾಲ ತೀರಿಸುವ ಶಕ್ತಿ ನಮಗಿದೆ" ಅನ್ನುವ ಘೋಷಣೆ ಇರುತ್ತೆ, ಡಿಸಿಗ್ನೇಟೆಡ್ ಪಾಲುದಾರರು ಡಿಜಿಟಲ್ ಸಹಿ ಹಾಕಬೇಕು. ಆ ವರ್ಷ ಒಂದು ರೂಪಾಯಿ ವ್ಯಾಪಾರ ಆಗದಿದ್ದರೂ ಇವೆರಡೂ ಬೇಕೇ ಬೇಕು. "ವ್ಯಾಪಾರ ಇಲ್ಲವಲ್ಲ, ಏನು ಫೈಲ್ ಮಾಡೋದು" ಅಂತ ಬಿಟ್ಟವರೇ ಜಾಸ್ತಿ ದಂಡ ಕಟ್ಟುವುದು.

ಆಡಿಟ್ ಮಿತಿಯೂ ಬೇರೆ. ವಹಿವಾಟು 40 ಲಕ್ಷ ಅಥವಾ ಬಂಡವಾಳ 25 ಲಕ್ಷ, ಯಾವುದಾದರೂ ಒಂದು ದಾಟಿದರೆ ಆಡಿಟ್ ಮಾಡಿಸುವುದೇ ರೂಢಿ. ನಮ್ಮ ಗಿರಣಿಯ ಬಂಡವಾಳ 15 ಲಕ್ಷವೇ ಆದರೂ ವಹಿವಾಟು 90 ಲಕ್ಷ, ಹಾಗಾಗಿ ಎಲ್‌ಎಲ್‌ಪಿ ಮಾಡಿಕೊಂಡರೆ ಆಡಿಟ್ ಬೇಕು. ಅದೇ ವಹಿವಾಟಿನ ಮಾಮೂಲಿ ಫರ್ಮಿಗೆ ಬೇಡ. ಇಲ್ಲೊಂದು ಅನುಕೂಲ ಇದೆ ಅನ್ನಿ: ಆಡಿಟ್ ಇರುವುದರಿಂದ ರಿಟರ್ನ್‌ಗೆ ಅಕ್ಟೋಬರ್ 31ರವರೆಗೆ ಸಮಯ, ದುಡಿಯುವ ಪಾಲುದಾರರಿಗೂ ಅಷ್ಟೇ ಸಮಯ.

ತಡ ಮಾಡಿದರೆ ಏನಾಗುತ್ತೆ? ಬಂಡವಾಳ 10ರಿಂದ 25 ಲಕ್ಷದ ಒಳಗಿದ್ದರೆ ಒಂದೊಂದು ಫಾರ್ಮಿಗೆ ಮಾಮೂಲಿ ಫೀ 200. ವಹಿವಾಟು 40 ಲಕ್ಷ ದಾಟಿರುವ ನಮ್ಮ ಎಲ್‌ಎಲ್‌ಪಿ "ಸಣ್ಣ ಎಲ್‌ಎಲ್‌ಪಿ" ಅಲ್ಲದ್ದರಿಂದ, 180 ದಿನ ದಾಟಿದ ಮೇಲೆ ಅದರ 30 ಪಟ್ಟು, 6,000 ಹೆಚ್ಚುವರಿ ಫೀ. 360 ದಿನ ದಾಟಿದ ಮೇಲೆ ಅದರ ಮೇಲೆ ದಿನಕ್ಕೆ 20 ರೂಪಾಯಿ ಓಡುತ್ತಲೇ ಇರುತ್ತೆ. ಎರಡು ಫಾರ್ಮಿಗೆ ಎರಡು ಸಲ.

ಪುಸ್ತಕದಲ್ಲಿ ನಾನು ಹೆಚ್ಚು ನೋಡುವ ತಪ್ಪು ಒಂದಿದೆ. ಮಾಮೂಲಿ ಫರ್ಮಿನಲ್ಲಿ ಲಾಭ, ಬಡ್ಡಿ, ಸಂಬಳ, ಮಗಳ ಕಾಲೇಜು ಫೀ ಎಲ್ಲ ಒಂದೇ ಕ್ಯಾಪಿಟಲ್ ಖಾತೆಯಲ್ಲಿ ಮೇಲೆ ಕೆಳಗೆ ಆಗುತ್ತಾ ಇರುತ್ತೆ, ಯಾರೂ ಕೇಳುವುದಿಲ್ಲ. ಅದೇ ಅಭ್ಯಾಸ ಎಲ್‌ಎಲ್‌ಪಿಗೆ ತಂದರೆ ತೊಂದರೆ. ಅಗ್ರಿಮೆಂಟ್‌ನಲ್ಲಿ ಬಂಡವಾಳ 15 ಲಕ್ಷ ಅಂತ ಬರೆದು ರಿಜಿಸ್ಟ್ರಾರ್‌ಗೆ ಕೊಟ್ಟಿದ್ದೀರಿ, ಫಾರ್ಮ್ 8ರಲ್ಲಿ ಅದು 21 ಲಕ್ಷ ಆಗಿ ಕಾಣುತ್ತೆ. ಹಾಗಾಗದಿರಲು ಪುಸ್ತಕದಲ್ಲಿ ಪ್ರತಿ ಪಾಲುದಾರನಿಗೂ ಎರಡು ಖಾತೆ ತೆರೆಯಿರಿ. ಒಂದು ಬಂಡವಾಳದ್ದು, ಅಗ್ರಿಮೆಂಟ್ ಬದಲಾಗದೆ ಅದು ಬದಲಾಗಕೂಡದು. ಇನ್ನೊಂದು ಕರೆಂಟ್ ಖಾತೆ, ಲಾಭ, ಸಂಬಳ, ಬಡ್ಡಿ, ಡ್ರಾಯಿಂಗ್ಸ್ ಎಲ್ಲ ಅದರಲ್ಲಿ. ಕರೆಂಟ್ ಖಾತೆಯ ಬಾಕಿಗೂ ಬಡ್ಡಿ ಬೇಕಾದರೆ ಅಗ್ರಿಮೆಂಟ್‌ನಲ್ಲಿ ಹಾಗಂತ ಬರೆಯಿರಿ.

ಇನ್ನೊಂದು ಮಾತು, ಇದನ್ನು ಎಲ್‌ಎಲ್‌ಪಿ ಮಾಡಿಸಿಕೊಡುವವರು ಹೇಳುವುದಿಲ್ಲ. ಸಲ್ಲಿಸಿದ ಫಾರ್ಮ್ 8 ಮತ್ತು 11ನ್ನು ಫೀ ಕಟ್ಟಿ ಯಾರು ಬೇಕಾದರೂ ನೋಡಬಹುದು. ಪಕ್ಕದ ಗಿರಣಿಯವನೂ ನಿಮ್ಮ ವಹಿವಾಟು ನೋಡಬಹುದು, ನಿಮಗೆ ಸಾಲ ಕೊಡುವ ದಲಾಲರೂ ನೋಡಬಹುದು. ದೊಡ್ಡ ಕಂಪನಿಗೆ ಮಾಲು ಹಾಕುವವರಿಗೆ ಇದು ವಿಶ್ವಾಸ ತರುತ್ತೆ, ಊರಿನ ಮಾರುಕಟ್ಟೆಯವರಿಗೆ ಮುಜುಗರ ತರುತ್ತೆ.

ಹಾಗಾದರೆ ಎಲ್‌ಎಲ್‌ಪಿ ಯಾಕೆ?

ಹೊಣೆಗೆ. ಮಾಮೂಲಿ ಫರ್ಮಿನ ಸಾಲಕ್ಕೆ ಅಣ್ಣನ ಮನೆ, ತಮ್ಮನ ಹೊಲ ಎಲ್ಲವೂ ಜವಾಬು. ತಮ್ಮ ಮಾಡಿದ ವ್ಯವಹಾರದ ಸಾಲವನ್ನು ಅಣ್ಣನಿಂದ ಪೂರ್ತಿ ವಸೂಲಿ ಮಾಡಬಹುದು. ಎಲ್‌ಎಲ್‌ಪಿಯಲ್ಲಿ ಹಾಕಿದ ಬಂಡವಾಳದ ಮಟ್ಟಿಗೆ ಮಾತ್ರ. ಜೊತೆಗೆ ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಇಬ್ಬರ ಫರ್ಮು ಅಲ್ಲಿಗೇ ಮುಗಿಯುತ್ತದೆ, ಎಲ್‌ಎಲ್‌ಪಿ ಉಳಿಯುತ್ತದೆ.

ಆದರೆ ಆ ಬೇಲಿಯಲ್ಲಿ ಎರಡು ತೂತು ಇವೆ. ಬ್ಯಾಂಕಿನವರು ಸಾಲ ಕೊಡುವಾಗ ಪಾಲುದಾರರ ವೈಯಕ್ತಿಕ ಗ್ಯಾರಂಟಿ ಬರೆಸಿಕೊಳ್ಳುತ್ತಾರೆ, ಆ ಸಾಲದ ಮಟ್ಟಿಗೆ ಎಲ್‌ಎಲ್‌ಪಿಯ ರಕ್ಷಣೆ ಇಲ್ಲ. ಎರಡನೆಯದು 167ಸಿ ಕಲಂ: ಎಲ್‌ಎಲ್‌ಪಿಯಿಂದ ಆದಾಯ ತೆರಿಗೆ ವಸೂಲಾಗದಿದ್ದರೆ ಆ ವರ್ಷ ಪಾಲುದಾರರಾಗಿದ್ದ ಪ್ರತಿಯೊಬ್ಬರಿಂದಲೂ ವಸೂಲಿ ಮಾಡಬಹುದು, ತನ್ನ ಕಡೆಯಿಂದ ಘೋರ ನಿರ್ಲಕ್ಷ್ಯವಾಗಲಿ ದುರ್ನಡತೆಯಾಗಲಿ ಆಗಿಲ್ಲ ಅಂತ ಪಾಲುದಾರನೇ ಸಾಬೀತು ಮಾಡಬೇಕು.

ನಮ್ಮ ಅಣ್ಣತಮ್ಮಂದಿರ ವಿಷಯಕ್ಕೆ ಬಂದರೆ, ಮಾಲು ಉದ್ದರಿ ಇಲ್ಲದೆ ಕೊಂಡು ಉದ್ದರಿ ಇಲ್ಲದೆ ಮಾರುತ್ತಾ ಬ್ಯಾಂಕ್ ಸಾಲ ಮಾತ್ರ ಇದ್ದರೆ ನಾನು ಸದ್ಯಕ್ಕೆ ಫರ್ಮಿನಲ್ಲೇ ಇರಿ, ಡೀಡ್ ಮಾತ್ರ ಈ ವಾರವೇ ತಿದ್ದಿಸಿ ಅನ್ನುತ್ತೇನೆ. ಆದರೆ ತಮ್ಮ ಹೊರರಾಜ್ಯಕ್ಕೆ ಲೋಡುಗಟ್ಟಲೆ ಪುಡಿ ಉದ್ದರಿ ಕಳಿಸಲು ಶುರು ಮಾಡಿ, ರೈತರಿಗೂ ದಲಾಲರಿಗೂ ಗ್ಯಾರಂಟಿ ಇಲ್ಲದ ಬಾಕಿ ಇಪ್ಪತ್ತು ಮೂವತ್ತು ಲಕ್ಷ ಏರಿತು ಅನ್ನಿ. ಆಗ ಆಡಿಟ್ ಫೀ ಮತ್ತು ಎರಡು ಫಾರ್ಮಿನ ಗೋಳನ್ನು ಅಣ್ಣನ ಮನೆಯ ಬೆಲೆಯ ಜೊತೆ ತೂಗಿ ನೋಡಬೇಕಾಗುತ್ತೆ. ಇರುವ ಫರ್ಮನ್ನೇ ಫಾರ್ಮ್ 17 ಹಾಕಿ ಎಲ್‌ಎಲ್‌ಪಿ ಮಾಡಿಕೊಳ್ಳಬಹುದು. ಬದಲಿಸುವಾಗ ಫರ್ಮಿನಲ್ಲಿದ್ದ ಪಾಲುದಾರರಷ್ಟೇ ಎಲ್‌ಎಲ್‌ಪಿಯಲ್ಲೂ ಇರಬೇಕು, ಹೊಸಬರನ್ನು ಆಮೇಲೆ ಸೇರಿಸಿಕೊಳ್ಳಿ. ಬದಲಾವಣೆಗೆ ಮುಂಚೆ ಫರ್ಮು ಮಾಡಿದ ಸಾಲಕ್ಕೆ ಇಬ್ಬರ ವೈಯಕ್ತಿಕ ಹೊಣೆ ಹಾಗೇ ಉಳಿಯುತ್ತದೆ, ಆದ್ದರಿಂದ ಬಾಕಿ ಕೈಮೀರಿದ ಮೇಲೆ ಬದಲಿಸಿದರೆ ಹಳೇ ಬಾಕಿಗೆ ಏನೂ ಪ್ರಯೋಜನ ಇಲ್ಲ.